ಪ್ರಿಂಟ್‌ನ ಒಂದೇ ಮಗ್ಗುಲು ಜೋತು ಬೀಳುತ್ತಿದೆಯೇ? ಕೂಲಿಂಗ್ ಡಕ್ಟ್‌ನ ದೋಷ ಪತ್ತೆ ಮತ್ತು ಪರಿಹಾರ

3ಡಿ ಪ್ರಿಂಟರ್‌ನಲ್ಲಿ ಮಾಡಿದ ಒಂದು ಬೊಂಬೆಯ ಎಡಗೈ ನುಣುಪಾಗಿ ಬಂದಿರುತ್ತದೆ, ಬಲಗೈಯ ಅಡಿಭಾಗದಲ್ಲಿ ಮಾತ್ರ ಪದರಗಳು ಕೆಳಗೆ ಇಳಿಬಿದ್ದು ಎಳೆ ಎಳೆಯಾಗಿ ಕಾಣುತ್ತವೆ. ಫಿಲಮೆಂಟ್ ಒಂದೇ, ಉಷ್ಣತೆ ಒಂದೇ, ವೇಗ ಒಂದೇ. ಹೀಗೆ ಒಂದೇ ಮಗ್ಗುಲು ಕೆಟ್ಟರೆ ನಾಝಲ್‌ನ ಸುತ್ತ ಗಾಳಿ ಸಮವಾಗಿ ಬೀಳುತ್ತಿಲ್ಲ ಎಂಬ ಅನುಮಾನ ಮೊದಲು ಬರಬೇಕು. ಆದರೆ ಅನುಮಾನ ಬಂದ ಕೂಡಲೇ ಹೊಸ ಡಕ್ಟ್ ಪ್ರಿಂಟ್ ಮಾಡಲು ಹೊರಡಬೇಡಿ. ಇದೇ ಲಕ್ಷಣ ತೋರಿಸುವ ಬೇರೆ ಕಾರಣಗಳೂ ಇವೆ, ಅವುಗಳಲ್ಲಿ ಹೆಚ್ಚಿನವಕ್ಕೆ ಖರ್ಚೇ ಇಲ್ಲ.

ಇಲ್ಲಿ ಹೇಳುವುದು ಪಿಎಲ್‌ಎ ಪ್ರಿಂಟ್ ಮಾಡುವ, ಎಂಡರ್ 3 ಮಾದರಿಯ ಯಂತ್ರಗಳ ಬಗ್ಗೆ. ಕಂಪನಿ ಕೊಟ್ಟ 4010 ಬ್ಲೋವರ್ ಒಂದೇ ಕಡೆಯಿಂದ ಊದುವ ಡಕ್ಟ್ ಇರಬಹುದು, ಇಲ್ಲವೇ ಅದನ್ನು ತೆಗೆದು ಒಂದು 5015 ಬ್ಲೋವರ್‌ನ ಗಾಳಿಯನ್ನು ಎಡಕ್ಕೂ ಬಲಕ್ಕೂ ಹಂಚುವ ಡಕ್ಟ್ ಹಾಕಿಕೊಂಡಿರಬಹುದು. ಎಬಿಎಸ್‌ನಲ್ಲಿ ಫ್ಯಾನ್ ಬಹಳ ಕಡಿಮೆ ಓಡುವುದರಿಂದ ಅಲ್ಲಿ ಅಸಮ ಗಾಳಿ ಜೋತು ಬೀಳುವುದಕ್ಕಿಂತ ಬಿರುಕಾಗಿ, ಬಾಗಾಗಿ ಕಾಣಿಸುತ್ತದೆ. ಅದು ಬೇರೆ ವಿಷಯ.

ಎಚ್ಚರಿಕೆ: ಕೈ ಹಾಕಿ ಮಾಡುವ ಪರೀಕ್ಷೆಗಳನ್ನೆಲ್ಲ ನಾಝಲ್ ತಣ್ಣಗಿರುವಾಗಲೇ ಮಾಡಿ. 200 ಡಿಗ್ರಿಯ ಹೀಟರ್ ಬ್ಲಾಕ್ ಡಕ್ಟ್‌ನಿಂದ ಬೆರಳೆಡೆಯಷ್ಟು ದೂರದಲ್ಲೇ ಇರುತ್ತದೆ. ಫ್ಯಾನ್‌ನ ಕನೆಕ್ಟರ್ ತೆಗೆಯುವ, ಹಾಕುವ ಮೊದಲು ಯಂತ್ರದ ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಿ. ಕರೆಂಟ್ ಇದ್ದಾಗ ಎರಡು ತಂತಿ ತಾಗಿದರೆ ಬೋರ್ಡ್‌ನಲ್ಲಿ ಫ್ಯಾನ್ ನಡೆಸುವ ಮಾಸ್ಫೆಟ್ ಸುಟ್ಟುಹೋಗಬಹುದು.

## ಯಾವ ಮಗ್ಗುಲು ಕೆಟ್ಟಿದೆ ಎಂದು ಖಚಿತಪಡಿಸಿಕೊಳ್ಳಿ

ಕೆಟ್ಟ ಮಾಡೆಲ್ ಅನ್ನೇ ಸ್ಲೈಸರ್‌ನಲ್ಲಿ 180 ಡಿಗ್ರಿ ತಿರುಗಿಸಿ, ಬೇರೇನನ್ನೂ ಬದಲಿಸದೆ ಇನ್ನೊಮ್ಮೆ ಪ್ರಿಂಟ್ ಮಾಡಿ. ಜೋತು ಬಿದ್ದ ಭಾಗ ಮಾಡೆಲ್‌ನ ಜೊತೆಗೇ ತಿರುಗಿದರೆ, ಅಂದರೆ ಆಗ ಕೆಟ್ಟಿದ್ದ ಬಲಗೈಯೇ ಈಗ ಯಂತ್ರದ ಎಡಕ್ಕೆ ಬಂದೂ ಕೆಟ್ಟಿದ್ದರೆ, ತಪ್ಪು ಮಾಡೆಲ್‌ನಲ್ಲಿದೆ. ಆ ಕಡೆಯ ಇಳಿಜಾರು ಹೆಚ್ಚಿರಬಹುದು, ಇಲ್ಲವೇ ಅಲ್ಲಿ ಸಪೋರ್ಟ್ ಬೇಕಿರಬಹುದು. ಮಾಡೆಲ್ ತಿರುಗಿದರೂ ಯಂತ್ರದ ಬಲಮಗ್ಗುಲೇ ಕೆಟ್ಟರೆ ತಪ್ಪು ಯಂತ್ರದ್ದು.

ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ತಲೆಕೆಳಗಾದ ಶಂಕು. ಕೆಳಗೆ 20 ಮಿಮೀ ವ್ಯಾಸ, ಮೇಲೆ 76 ಮಿಮೀ ವ್ಯಾಸ, 20 ಮಿಮೀ ಎತ್ತರ. ಹೀಗೆ ಮಾಡಿದರೆ ಗೋಡೆ ಲಂಬದಿಂದ ಸುಮಾರು 55 ಡಿಗ್ರಿ ಹೊರಕ್ಕೆ ವಾಲುತ್ತದೆ. ಪದರ 0.2 ಮಿಮೀ, ಮೂರು ಗೋಡೆ, ಇನ್‌ಫಿಲ್ ಇಲ್ಲ, ಮೇಲ್ಪದರ ಇಲ್ಲ, ಸಪೋರ್ಟ್ ಇಲ್ಲ. ಸೀಮ್ ಅನ್ನು ಹಿಂಭಾಗಕ್ಕೆ ಕೂರಿಸಿ, ಇಲ್ಲದಿದ್ದರೆ ಸೀಮ್‌ನ ಗಂಟನ್ನೇ ದೋಷವೆಂದು ತಿಳಿಯುವ ಅಪಾಯವಿದೆ. ಬೆಡ್‌ನಿಂದ ಬಿಡಿಸುವ ಮೊದಲೇ ಮುಂಭಾಗಕ್ಕೆ ಪೆನ್ನಿನಲ್ಲಿ ಒಂದು ಗುರುತು ಹಾಕಿ. ಬಿಡಿಸಿದ ಮೇಲೆ ಮುಂದೆ ಯಾವುದು, ಹಿಂದೆ ಯಾವುದು ಎಂದು ತಿಳಿಯುವುದಿಲ್ಲ.

ಶಂಕುವನ್ನು ಮಗುಚಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಹೊರಮೈಯನ್ನು ನೋಡಿ. ಗಾಳಿ ಸರಿಯಾಗಿ ಬಿದ್ದ ಕಡೆ ಪದರಗಳ ಗೆರೆ ಸಮವಾಗಿ, ಮಂದ ಹೊಳಪಿನಿಂದ ಇರುತ್ತದೆ. ಗಾಳಿ ಸಾಲದ ಕಡೆ ಗೆರೆಗಳು ಒಂದರ ಮೇಲೊಂದು ಕುಸಿದು ಹೊಳೆಯುತ್ತವೆ, ಅಂಚು ಅಲೆ ಅಲೆಯಾಗಿರುತ್ತದೆ. ಕೆಟ್ಟ ಭಾಗ ಗಡಿಯಾರದ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಹಬ್ಬಿದೆ ಎಂದು ಬರೆದಿಟ್ಟುಕೊಳ್ಳಿ, ಬೆಡ್ ಮೇಲಿದ್ದಂತೆ ಮೇಲಿನಿಂದ ನೋಡಿದಾಗ ಮುಂಭಾಗ ಆರು ಗಂಟೆ ಎಂದಿರಲಿ. ಮುಂದಿನ ಎಲ್ಲ ಬದಲಾವಣೆಗಳನ್ನೂ ಇದೇ ಶಂಕುವಿನ ಮೇಲೆ ಅಳೆಯುತ್ತೀರಿ.

## ಸುತ್ತಲೂ ಒಂದೇ ತೆರ ಕೆಟ್ಟಿದ್ದರೆ

ಡಕ್ಟ್‌ನ ಸಮತೋಲ ಇಲ್ಲಿ ಪ್ರಶ್ನೆಯಲ್ಲ. ನಾಝಲ್ ಬಿಸಿ ಹೆಚ್ಚಾಗಿದೆ, ಇಲ್ಲವೇ ಒಟ್ಟು ಗಾಳಿಯೇ ಸಾಲದು. ಉಷ್ಣತೆಯನ್ನು 5 ಡಿಗ್ರಿಯಂತೆ ಇಳಿಸುತ್ತ ಬನ್ನಿ. ಪದರದ ಕನಿಷ್ಠ ಸಮಯವನ್ನು 10 ಸೆಕೆಂಡಿಗೆ ಏರಿಸಿ. ಮೊದಲ ಕೆಲವು ಪದರಗಳ ನಂತರ ಫ್ಯಾನ್ 100 ಪ್ರತಿಶತಕ್ಕೆ ಏರುವಂತೆ ಸ್ಲೈಸರ್‌ನಲ್ಲಿದೆಯೇ ನೋಡಿ. ಬ್ಲೋವರ್ ಬದಲಿಸಿದ ಮೇಲೆ ಹೀಗಾಗಿದ್ದರೆ ಅದರ ಲೇಬಲ್ ಓದಿ. 24 ವೋಲ್ಟ್‌ನ ಬ್ಲೋವರ್ ಅನ್ನು 12 ವೋಲ್ಟ್‌ನ ಯಂತ್ರಕ್ಕೆ ಹಾಕಿದರೆ ಅದು ತಿರುಗುತ್ತದೆ, ಆದರೆ ಗಾಳಿ ಬಲವಾಗಿರುವುದಿಲ್ಲ. ತಿರುವುಮುರುವಾಗಿ 12 ವೋಲ್ಟ್‌ನದನ್ನು 24ಕ್ಕೆ ಹಾಕಿದರೆ ಅದು ಬೇಗ ಸುಟ್ಟುಹೋಗುತ್ತದೆ.

## ಬೆಡ್‌ನ ಒಂದು ಕಡೆ ಇಟ್ಟ ಪ್ರಿಂಟ್‌ಗಳು ಮಾತ್ರ ಕೆಟ್ಟರೆ

ಇದನ್ನು ಮೇಲಿನದರ ಜೊತೆ ಬೆರೆಸಿಕೊಳ್ಳಬೇಡಿ. ಪ್ರತಿಯೊಂದು ಪ್ರಿಂಟ್‌ನ ಬಲಮಗ್ಗುಲು ಕೆಡುವುದು ಬೇರೆ, ಬೆಡ್‌ನ ಬಲಭಾಗದಲ್ಲಿಟ್ಟ ಪ್ರಿಂಟ್ ಸುತ್ತಲೂ ಕೆಡುವುದು ಬೇರೆ. ಎರಡನೆಯದಕ್ಕೆ ಡಕ್ಟ್ ಎಂದೂ ಕಾರಣವಾಗುವುದಿಲ್ಲ, ಏಕೆಂದರೆ ಡಕ್ಟ್ ನಾಝಲ್‌ನ ಜೊತೆಗೇ ಓಡಾಡುತ್ತದೆ.

ಸಾಮಾನ್ಯ ಕಾರಣ ಫ್ಯಾನ್‌ನ ತಂತಿ. ವರ್ಷಗಟ್ಟಲೆ ಬಾಗಿ ಬಾಗಿ ಒಳಗೆ ಮುರಿದ ತಂತಿ, ಕ್ಯಾರೇಜ್ ಒಂದು ತುದಿಗೆ ಹೋದಾಗ ಎಳೆದುಕೊಂಡು ಸಂಪರ್ಕ ಕಳೆದುಕೊಳ್ಳುತ್ತದೆ, ಮರಳಿ ಬಂದಾಗ ಕೂಡಿಕೊಳ್ಳುತ್ತದೆ. ನಾಝಲ್ ತಣ್ಣಗಿರುವಾಗ ಕಂಪ್ಯೂಟರ್‌ನಿಂದ ಈ ಆದೇಶಗಳನ್ನು ಕಳಿಸಿ ಕಿವಿಗೊಟ್ಟು ಕೇಳಿ:

```
G28
G1 Z50 F600
M106 S255
G1 X10 F3000
G1 X210 F3000
G1 X10 F3000
M107
```

ಕ್ಯಾರೇಜ್ ಓಡುವಾಗ ಫ್ಯಾನ್‌ನ ಸ್ವರ ಒಂದೇ ಆಗಿರಬೇಕು. ಒಂದು ತುದಿಯಲ್ಲಿ ಸ್ವರ ಇಳಿದರೆ ಅಥವಾ ನಿಂತರೆ ತಂತಿಯನ್ನೇ ಬದಲಿಸಿ, ಟೇಪ್ ಸುತ್ತಿ ಮುಂದುವರಿಯಬೇಡಿ.

ಸ್ವರ ಸರಿಯಿದ್ದರೆ ಕೋಣೆಯನ್ನು ನೋಡಿ. ತಲೆಯ ಮೇಲಿನ ಸೀಲಿಂಗ್ ಫ್ಯಾನ್, ತೆರೆದ ಕಿಟಕಿ, ಏಸಿಯ ಗಾಳಿ ಬೆಡ್‌ನ ಒಂದು ಕಡೆಗೆ ಹೆಚ್ಚು ಬೀಳುತ್ತದೆ. ಇವೆಲ್ಲವನ್ನೂ ಆರಿಸಿ, ಕಿಟಕಿ ಮುಚ್ಚಿ, ಶಂಕುವನ್ನು ಬೆಡ್‌ನ ನಡುವೆ ಒಮ್ಮೆ ಪ್ರಿಂಟ್ ಮಾಡಿ. ಡಕ್ಟ್ ಪರೀಕ್ಷಿಸುವ ಮೊದಲು ಇದನ್ನು ಮಾಡಲೇಬೇಕು, ಸೀಲಿಂಗ್ ಫ್ಯಾನ್ ತಿರುಗುತ್ತಿದ್ದಾಗ ಅಳೆದ ಯಾವ ಅಳತೆಯನ್ನೂ ನಂಬಲಾಗದು.

## ಪ್ರತಿ ಪ್ರಿಂಟ್‌ನಲ್ಲೂ ಯಂತ್ರದ ಒಂದೇ ಮಗ್ಗುಲು ಜೋತು ಬಿದ್ದರೆ

ಈಗ ಡಕ್ಟ್‌ನ ಸರದಿ. ಒಂದು ಮೂಲ ಸಂಗತಿ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಬಲಕ್ಕೆ ಮುಖಮಾಡಿದ ಇಳಿಜಾರನ್ನು ತಣಿಸುವುದು ಬಲಗಡೆಯಿಂದ ಬರುವ ಗಾಳಿ. ಎಡಗಡೆಯ ಗಾಳಿ ಪ್ರಿಂಟ್‌ನ ಮೇಲ್ಮೈಯನ್ನು ಸವರಿಕೊಂಡು ದಾಟಿಹೋಗುತ್ತದೆ, ಬಲ ಅಂಚಿನ ಅಡಿಗೆ ಇಳಿಯುವುದಿಲ್ಲ. ನಾಝಲ್ ಕೂಡ ಅಡ್ಡ ನಿಂತು ಅದನ್ನು ತಡೆಯುತ್ತದೆ. ಆದ್ದರಿಂದ ಯಾವ ಮಗ್ಗುಲು ಜೋತು ಬಿದ್ದಿದೆಯೋ ಆ ಮಗ್ಗುಲಿನ ಗಾಳಿಬಾಯಿ ದುರ್ಬಲವಾಗಿದೆ, ಅಥವಾ ಆ ಕಡೆ ಬಾಯಿಯೇ ಇಲ್ಲ. ಎಡದಿಂದ ಮಾತ್ರ ಊದುವ ಡಕ್ಟ್ ಇದ್ದರೆ ಬಲಮಗ್ಗುಲು ಕೆಡುವುದು ಅದರ ಸ್ವಭಾವ. ಅಲ್ಲಿ ಹುಡುಕಲು ದೋಷವೇನೂ ಇಲ್ಲ. ಇಳಿಜಾರಿನ ಮುಖವನ್ನು ಡಕ್ಟ್‌ನ ಕಡೆಗೆ ತಿರುಗಿಸಿ ಪ್ರಿಂಟ್ ಮಾಡಿ, ಅಥವಾ ಎರಡು ಬಾಯಿಯ ಡಕ್ಟ್‌ಗೆ ಬದಲಾಯಿಸಿ.

ಎರಡು ಬಾಯಿಯ ಡಕ್ಟ್ ಇದ್ದೂ ಒಂದು ಕಡೆ ಕೆಡುತ್ತಿದ್ದರೆ ಈ ಕ್ರಮದಲ್ಲಿ ನೋಡುತ್ತ ಹೋಗಿ.

ಕಣ್ಣಿಗೆ ಕಾಣುವ ಅಡ್ಡಿ. ಡಕ್ಟ್ ಬಿಚ್ಚಿ, ಮೊಬೈಲ್ ಟಾರ್ಚ್‌ನ ಬೆಳಕನ್ನು ಬ್ಲೋವರ್ ಕೂರುವ ಬಾಯಿಯಿಂದ ಒಳಗೆ ಬಿಟ್ಟು ನೋಡಿ. ಪ್ರಿಂಟ್ ಮಾಡಿದ ಡಕ್ಟ್‌ನ ಒಳಚಾವಣಿ ಜೋತು ಬಿದ್ದು ದಾರಿಯನ್ನು ಅರ್ಧ ಮುಚ್ಚಿರುವುದು, ಒಳಗೆ ಫಿಲಮೆಂಟ್‌ನ ಎಳೆಗಳು ಬಲೆ ಕಟ್ಟಿರುವುದು ಬಹಳ ಸಾಮಾನ್ಯ. ಸಪೋರ್ಟ್‌ನ ಒಂದು ಚೂರು ತಿರುವಿನಲ್ಲಿ ಸಿಕ್ಕಿಕೊಂಡಿದ್ದರೂ ಸಾಕು. ಸಣ್ಣ ಅರದಿಂದ ತೆಗೆಯಿರಿ. ಬ್ಲೋವರ್‌ನ ರೆಕ್ಕೆಗಳಲ್ಲಿ ಧೂಳು ಕಟ್ಟಿದ್ದರೆ ಒಣ ಬ್ರಷ್‌ನಿಂದ ಕೆರೆದು ತೆಗೆಯಿರಿ. ಆಗ ರೆಕ್ಕೆ ತಿರುಗದಂತೆ ಬೆರಳಿನಲ್ಲಿ ಹಿಡಿದಿರಿ.

ಕೀಲಿನಲ್ಲಿ ಸೋರಿಕೆ. ಬ್ಲೋವರ್ ಮತ್ತು ಡಕ್ಟ್ ಕೂಡುವಲ್ಲಿ ಒಂದು ಕಡೆ ಸಂದು ಇದ್ದರೆ ಆ ಕಡೆಯ ಗಾಳಿ ಅಲ್ಲಿಂದಲೇ ಹೊರಬೀಳುತ್ತದೆ. ಒದ್ದೆ ಮಾಡಿದ ಬೆರಳನ್ನು ಸಂದಿನ ಉದ್ದಕ್ಕೂ ಸರಿಸಿದರೆ ತಂಪು ತಟ್ಟುತ್ತದೆ. ಅಲ್ಯೂಮಿನಿಯಂ ಟೇಪ್‌ನಿಂದ ಮುಚ್ಚಿ ಮತ್ತೆ ಶಂಕು ಪ್ರಿಂಟ್ ಮಾಡಿ.

ಎತ್ತರ. ನಾಝಲ್ ಬೆಡ್‌ಗೆ ತಾಗುವಷ್ಟು ಇಳಿಸಿ, ಎರಡೂ ಬಾಯಿಯ ಕೆಳಅಂಚು ಬೆಡ್‌ನಿಂದ ಎಷ್ಟು ಮೇಲಿದೆ ಎಂದು ಅಳೆಯಿರಿ. ಎರಡೂ ಕಡೆ 1.5ರಿಂದ 2.5 ಮಿಮೀ ಇರಬೇಕು, ಎರಡರ ನಡುವಿನ ವ್ಯತ್ಯಾಸ ಅರ್ಧ ಮಿಲಿಮೀಟರ್ ದಾಟಬಾರದು. ಒಂದು ಕಡೆ ಕೆಳಗಿದ್ದರೆ ಸ್ಕ್ರೂ ಸಡಿಲವಾಗಿದೆ, ಅಥವಾ ಡಕ್ಟ್‌ನ ಆ ತೋಳು ಬಿಸಿಗೆ ಬಾಗಿದೆ. ಪಿಎಲ್‌ಎ ಸುಮಾರು 60 ಡಿಗ್ರಿಯಲ್ಲೇ ಮೆತ್ತಗಾಗುವುದರಿಂದ ಹೀಟರ್ ಬ್ಲಾಕ್‌ನ ಪಕ್ಕದಲ್ಲಿ ಅದರ ಡಕ್ಟ್ ಹೆಚ್ಚು ದಿನ ಬಾಳುವುದಿಲ್ಲ, ಮೊದಲು ಬಾಗುವುದು ಬ್ಲಾಕ್‌ಗೆ ಹತ್ತಿರದ ತೋಳು. ಎಬಿಎಸ್ ಅಥವಾ ಎಎಸ್‌ಎ ಸುಮಾರು 100 ಡಿಗ್ರಿ ತಡೆಯುತ್ತವೆ. ಪಿಇಟಿಜಿ ಕೂಡ ನಡೆಯುತ್ತದೆ, ಆದರೆ ಬ್ಲಾಕ್‌ಗೆ ಸಿಲಿಕೋನ್ ಕವಚ ಇರಬೇಕು ಮತ್ತು ಡಕ್ಟ್‌ಗೂ ಬ್ಲಾಕ್‌ಗೂ ನಡುವೆ ಕನಿಷ್ಠ 3 ಮಿಮೀ ಅಂತರ ಇರಬೇಕು. ಹಾಟೆಂಡ್ ಬದಲಿಸಿದ್ದರೆ ನಾಝಲ್ ತುದಿಯ ಎತ್ತರವೂ ಬದಲಾಗಿರುತ್ತದೆ. ಉದಾಹರಣೆಗೆ ವಲ್ಕೆನೋ ನಾಝಲ್ ಸಾಮಾನ್ಯ ವಿ6 ನಾಝಲ್‌ಗಿಂತ 8.5 ಮಿಮೀ ಉದ್ದ. ಹಳೆಯ ಡಕ್ಟ್ ಆಗ ಎಲ್ಲಿಗೋ ಊದುತ್ತಿರುತ್ತದೆ.

ಕಾಗದದ ಪಟ್ಟಿ. ಇದು ಈ ಕೈಪಿಡಿಯ ಅತಿ ಉಪಯುಕ್ತ ಪರೀಕ್ಷೆ. ಟಿಶ್ಯೂ ಕಾಗದದ ಒಂದು ಪದರವನ್ನು ಬಿಡಿಸಿ, 5 ಮಿಮೀ ಅಗಲ, 40 ಮಿಮೀ ಉದ್ದದ ಪಟ್ಟಿ ಕತ್ತರಿಸಿ. ನಾಝಲ್ ಅನ್ನು 50 ಮಿಮೀ ಮೇಲಕ್ಕೆತ್ತಿ ಫ್ಯಾನ್ 100 ಪ್ರತಿಶತಕ್ಕೆ ಹಾಕಿ. ಪಟ್ಟಿಯ ಒಂದು ತುದಿಯನ್ನು ತೆಳ್ಳಗಿನ ಕಡ್ಡಿಗೆ ಅಂಟಿಸಿ, ಕಡ್ಡಿಯನ್ನು ಮುಂದಿನಿಂದ ತಂದು, ಪಟ್ಟಿ ನಾಝಲ್‌ನ ತುದಿಯ ಕೆಳಗೆ ತೂಗುವಂತೆ ಹಿಡಿಯಿರಿ. ಗಾಳಿ ಸಮವಿದ್ದರೆ ಪಟ್ಟಿ ಇದ್ದಲ್ಲೇ ನಡುಗುತ್ತದೆ. ಬಲಕ್ಕೆ ವಾಲಿದರೆ ಎಡಬಾಯಿ ಬಲವಾಗಿದೆ. ಶಂಕುವಿನ ಬಲಮಗ್ಗುಲು ಕೆಟ್ಟಿದ್ದು, ಪಟ್ಟಿಯೂ ಬಲಕ್ಕೆ ವಾಲಿದರೆ ಎರಡೂ ಒಂದೇ ಕಥೆ ಹೇಳುತ್ತಿವೆ, ರೋಗ ಸಿಕ್ಕಿತು.

ಒಂದು ಬಾಯಿಯನ್ನು ಬೆರಳಿನಲ್ಲಿ ಮುಚ್ಚಿ ಇನ್ನೊಂದನ್ನು ಪರೀಕ್ಷಿಸಬೇಡಿ. ಮುಚ್ಚಿದ ಕಡೆಯ ಗಾಳಿಯೆಲ್ಲ ತೆರೆದ ಕಡೆಗೆ ನುಗ್ಗಿ, ದುರ್ಬಲ ಬಾಯಿಯೂ ಬಲವಾಗಿ ಕಾಣುತ್ತದೆ.

ಊದಬತ್ತಿಯ ಹೊಗೆ. ಪಟ್ಟಿ ಗಾಳಿಯ ರಭಸವನ್ನು ತೋರಿಸುತ್ತದೆ, ದಿಕ್ಕನ್ನು ತೋರಿಸುವುದು ಹೊಗೆ. ಪೂರ್ಣ ವೇಗದಲ್ಲಿ ಹೊಗೆ ಚದುರಿ ಏನೂ ಕಾಣದು, ಆದ್ದರಿಂದ `M106 S100` ಹಾಕಿ ಫ್ಯಾನ್ ಅನ್ನು ಸುಮಾರು 40 ಪ್ರತಿಶತಕ್ಕೆ ಇಳಿಸಿ. ಬತ್ತಿಯನ್ನು ಬಾಯಿಯಿಂದ ಮೂರು ನಾಲ್ಕು ಸೆಂಟಿಮೀಟರ್ ದೂರ ಹಿಡಿದು, ಹಿಂದೆ ಕಪ್ಪು ಬಟ್ಟೆ ಇಟ್ಟು ನೋಡಿ. ಹೊಗೆ ನಾಝಲ್ ತುದಿಯ ಒಂದೆರಡು ಮಿಲಿಮೀಟರ್ ಕೆಳಗೆ ಹಾಯಬೇಕು. ಬ್ಲಾಕ್‌ಗೆ ಬಡಿದು ಮೇಲೇರಿದರೆ ಆ ಬಾಯಿಯ ದಿಕ್ಕು ತಪ್ಪಿದೆ. ಬೂದಿ ಬೆಡ್ ಮೇಲೆ ಬೀಳದಂತೆ ಕೆಳಗೊಂದು ತಟ್ಟೆ ಇರಲಿ, ಫಿಲಮೆಂಟ್ ಮತ್ತು ತಂತಿಗಳು ಬತ್ತಿಯಿಂದ ದೂರ ಇರಲಿ.

## ಡಕ್ಟ್ ಸ್ವಚ್ಛವಾಗಿದೆ, ನೇರವಾಗಿದೆ, ಆದರೂ ಒಂದು ಬಾಯಿ ದುರ್ಬಲವಾಗಿದ್ದರೆ

ತಪ್ಪು ಈಗ ವಿನ್ಯಾಸದಲ್ಲೇ ಇದೆ. ನೋಡಲು ಎಡಬಲ ಒಂದೇ ತೆರ ಇರುವ ಡಕ್ಟ್ ಗಾಳಿಯನ್ನು ಸಮವಾಗಿ ಹಂಚುತ್ತದೆ ಎಂದು ಬಹಳ ಮಂದಿ ನಂಬುತ್ತಾರೆ. ಬ್ಲೋವರ್‌ನ ಗಾಳಿ ನೇರವಾಗಿ ಹೊರಬರುವುದಿಲ್ಲ ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ. ತಿರುಗುವ ಚಕ್ರ ಗಾಳಿಯನ್ನು ಹೊರಗೋಡೆಗೆ ಎಸೆಯುತ್ತದೆ, ಅದು ಆ ಗೋಡೆಗೆ ಒತ್ತಿಕೊಂಡೇ ಹೊರಬರುತ್ತದೆ. ಬಾಯಿಯ ಒಂದು ಕಡೆ ರಭಸ ಹೆಚ್ಚು, ಇನ್ನೊಂದು ಕಡೆ ಕಡಿಮೆ. ನಟ್ಟನಡುವೆ ವಿಭಜಕ ಇಟ್ಟರೆ ಒಂದು ತೋಳಿಗೆ ರಭಸದ ಪಾಲು, ಇನ್ನೊಂದಕ್ಕೆ ಉಳಿದದ್ದು. ಇದರ ಮೇಲೆ ಒಂದು ತೋಳು ಗಿಡ್ಡ ಮತ್ತು ನೇರ, ಇನ್ನೊಂದು ಉದ್ದ ಮತ್ತು ತಿರುವುಗಳುಳ್ಳದ್ದು ಆಗಿದ್ದರೆ, ಕವಲೊಡೆದ ಕಾಲುವೆಯ ನೀರಿನಂತೆ ಗಾಳಿಯೂ ಸುಲಭದ ದಾರಿಯನ್ನೇ ಹಿಡಿಯುತ್ತದೆ.

ಹೊಸದನ್ನು ಬಿಡಿಸುವ ಮೊದಲು ಟೇಪ್‌ನಿಂದ ಸಮ ಮಾಡಿ ನೋಡಿ. ಬಲವಾದ ಬಾಯಿಯ ಹೊರ ತುದಿಗೆ ಅಲ್ಯೂಮಿನಿಯಂ ಟೇಪ್ ಅಥವಾ ಕ್ಯಾಪ್ಟಾನ್ ಟೇಪ್ ಅಂಟಿಸಿ, ಒಂದು ಮಿಲಿಮೀಟರ್‌ನಂತೆ ಮುಚ್ಚುತ್ತ ಬನ್ನಿ. ಪ್ರತಿ ಸಲ ಕಾಗದದ ಪಟ್ಟಿಯನ್ನು ನೋಡಿ. ಬಲವಾದ ಕಡೆ ದಾರಿ ಕಿರಿದಾದಷ್ಟೂ ಒಳಗಿನ ಒತ್ತಡ ಏರಿ ದುರ್ಬಲ ತೋಳಿಗೆ ಹೆಚ್ಚು ಗಾಳಿ ಹೋಗುತ್ತದೆ. ಪಟ್ಟಿ ನೇರವಾದ ಕೂಡಲೇ ನಿಲ್ಲಿಸಿ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮುಚ್ಚಬೇಕಾಗಿ ಬಂದರೆ ಟೇಪ್ ಪರಿಹಾರವಲ್ಲ, ಒಟ್ಟು ಗಾಳಿಯೇ ಕಡಿಮೆಯಾಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. 5015 ಬ್ಲೋವರ್‌ನ ಬಾಯಿಯ ಒಳಅಳತೆ 18 × 13 ಮಿಮೀ ಎಂದಿರಲಿ, ಅಂದರೆ 234 ಚದರ ಮಿಮೀ. ತಯಾರಕರಿಂದ ತಯಾರಕರಿಗೆ ಇದು ಬದಲಾಗುತ್ತದೆ, ನಿಮ್ಮದನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ಡಕ್ಟ್‌ನ ಎರಡು ಬಾಯಿಗಳು ತಲಾ 18 × 5 ಮಿಮೀ, ಒಟ್ಟು 180 ಚದರ ಮಿಮೀ, ಬ್ಲೋವರ್ ಬಾಯಿಯ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚು. ಶಂಕು ಎರಡರಿಂದ ನಾಲ್ಕು ಗಂಟೆಯವರೆಗೆ, ಅಂದರೆ ಬಲಗಡೆ, ಜೋತು ಬಿದ್ದಿದೆ. ಪಟ್ಟಿ ಬಲಕ್ಕೆ ವಾಲುತ್ತದೆ. ಎಡಬಾಯಿಯನ್ನು 4 ಮಿಮೀ ಮುಚ್ಚಿದಾಗ ಪಟ್ಟಿ ನೇರವಾಯಿತು. ಎಡಬಾಯಿ ಈಗ 14 × 5, ಅಂದರೆ 70. ಒಟ್ಟು 160 ಚದರ ಮಿಮೀ, ಬ್ಲೋವರ್ ಬಾಯಿಯ 68 ಪ್ರತಿಶತ. ಈ ಪ್ರಮಾಣ 60ಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡರೆ ಬ್ಲೋವರ್‌ಗೆ ಉಸಿರು ಕಟ್ಟುವುದಿಲ್ಲ. 100 ದಾಟಿದರೆ ಗಾಳಿ ರಭಸ ಕಳೆದುಕೊಂಡು ಹರಡಿಹೋಗುತ್ತದೆ. ಇಷ್ಟಾದ ಮೇಲೆ ಶಂಕುವನ್ನು ಮತ್ತೆ ಪ್ರಿಂಟ್ ಮಾಡಿ. ಸುತ್ತಲೂ ಒಂದೇ ತೆರ ಬಂದರೆ ಟೇಪ್‌ನಲ್ಲೇ ಬಿಟ್ಟರೂ ತೊಂದರೆಯಿಲ್ಲ, ಅಂಟು ಬಿಡುತ್ತಿದೆಯೇ ಎಂದು ಆಗಾಗ ನೋಡಿದರೆ ಸಾಕು.

ಹೊಸ ಡಕ್ಟ್ ಬಿಡಿಸುವುದಾದರೆ ಬಾಯಿಯನ್ನು ಕಿರಿದು ಮಾಡುವ ಬದಲು ಒಳಗಿನ ಹಂಚಿಕೆಯನ್ನೇ ತಿದ್ದಿ. ಬ್ಲೋವರ್ ಬಾಯಿಯಿಂದ ವಿಭಜಕದವರೆಗೆ 10ರಿಂದ 15 ಮಿಮೀ ನೇರ ದಾರಿ ಬಿಟ್ಟರೆ ಗಾಳಿ ಸ್ವಲ್ಪ ಸಮನಾಗುತ್ತದೆ. ಎಂಡರ್ 3ರ ಕ್ಯಾರೇಜ್‌ನಲ್ಲಿ ಜಾಗ ಕಡಿಮೆ, ಆದರೂ ಇದಕ್ಕೆ ಹೋರಾಡುವುದು ಸಾರ್ಥಕ. ವಿಭಜಕವನ್ನು ರಭಸದ ಕಡೆಗೆ ಒಂದೂವರೆ ಮಿಲಿಮೀಟರ್ ಸರಿಸಿ. 18 ಮಿಮೀ ಅಗಲದಲ್ಲಿ 9 ಮತ್ತು 9 ಇದ್ದದ್ದು 7.5 ಮತ್ತು 10.5 ಆಗುತ್ತದೆ. ದುರ್ಬಲ ತೋಳಿನ ಒಳತಿರುವು ಚೂಪಾಗಿದ್ದರೆ ಅದರ ತ್ರಿಜ್ಯವನ್ನು 3 ಮಿಮೀಯಿಂದ 8 ಮಿಮೀಗೆ ಏರಿಸಿ. ಚೂಪು ತಿರುವಿನ ಹಿಂದೆ ಗಾಳಿ ಸುಳಿ ಸುತ್ತುತ್ತ ದಾರಿಯನ್ನೇ ಕಿರಿದು ಮಾಡುತ್ತದೆ. ಬಾಯಿಯ ತನಕ ಅಡ್ಡಕೊಯ್ತದ ವಿಸ್ತೀರ್ಣ ನಿಧಾನವಾಗಿ ಕಡಿಮೆಯಾಗುತ್ತ ಬರಲಿ, ನಡುವೆ ಹಿಗ್ಗಿ ಮತ್ತೆ ಕುಗ್ಗುವುದು ಬೇಡ. ಪ್ರಿಂಟ್ ಮಾಡುವಾಗ ಒಳಗೆ ಸಪೋರ್ಟ್ ಬೇಡದ ಹಾಗೆ ಮಲಗಿಸಿ, ಒಳಗೆ ಹಾಕಿದ ಸಪೋರ್ಟ್ ಅನ್ನು ಪೂರ್ತಿ ತೆಗೆಯಲು ಆಗುವುದೇ ಇಲ್ಲ.

ಎಡಬಲ ಎರಡು ಬಾಯಿಯ ಡಕ್ಟ್‌ನಲ್ಲಿ ಮುಂದಿನ ಮತ್ತು ಹಿಂದಿನ ಮುಖಗಳಿಗೆ ನೇರ ಗಾಳಿ ಇಲ್ಲ. ಎರಡು ಧಾರೆಗಳು ಡಿಕ್ಕಿ ಹೊಡೆದು ಮುಂದಕ್ಕೂ ಹಿಂದಕ್ಕೂ ಹರಡುವ ಗಾಳಿಯೇ ಅವಕ್ಕೆ ಆಸರೆ. ಆದ್ದರಿಂದ ಆರು ಮತ್ತು ಹನ್ನೆರಡು ಗಂಟೆಯಲ್ಲಿ ಶಂಕು ಸ್ವಲ್ಪ ಒರಟಾಗಿ, ಎರಡೂ ಕಡೆ ಒಂದೇ ತೆರ ಬಂದರೆ ಅದನ್ನು ದೋಷವೆಂದು ಅಟ್ಟಿಸಿಕೊಂಡು ಹೋಗಬೇಡಿ.

## ಫ್ಯಾನ್ ಏರಿದ ಕೂಡಲೇ ನಾಝಲ್‌ನ ಉಷ್ಣತೆ ಕುಸಿದರೆ

ಒಂದು ಬಾಯಿ ಪ್ರಿಂಟ್‌ಗೆ ಊದುವ ಬದಲು ಹೀಟರ್ ಬ್ಲಾಕ್‌ಗೆ ಊದುತ್ತಿದೆ. ಒಂದು ಮಗ್ಗುಲು ಜೋತು ಬೀಳುವುದೂ ಉಷ್ಣತೆ 10 ಡಿಗ್ರಿಯಷ್ಟು ಬೀಳುವುದೂ ಒಟ್ಟಿಗೇ ಕಂಡರೆ ಎರಡಕ್ಕೂ ಈ ಒಂದೇ ಕಾರಣ. ಸಿಲಿಕೋನ್ ಕವಚ ಹರಿದಿದ್ದರೆ ಬದಲಿಸಿ, ಬಾಯಿಯ ದಿಕ್ಕನ್ನು ಕೆಳಕ್ಕೆ ತಿದ್ದಿ. ದಿಕ್ಕು ಸರಿಯಾದ ಮೇಲಷ್ಟೇ ಫ್ಯಾನ್ ಓಡುತ್ತಿರುವಾಗ, ನಾಝಲ್‌ನ ಉಷ್ಣತೆಯನ್ನು ಸ್ಥಿರವಾಗಿಡುವ ಪಿಐಡಿ ಹೊಂದಾಣಿಕೆ ಮಾಡಿ. ತಪ್ಪು ದಿಕ್ಕಿನ ಗಾಳಿಗೆ ಪಿಐಡಿ ಹೊಂದಿಸಿದರೆ ದೋಷ ಮುಚ್ಚಿಹೋಗುತ್ತದೆಯೇ ಹೊರತು ಗುಣವಾಗುವುದಿಲ್ಲ. ಮಾರ್ಲಿನ್ ಫರ್ಮ್‌ವೇರ್‌ನಲ್ಲಿ:

```
M106 S255
M303 E0 S205 C8
```

ಕೊನೆಯಲ್ಲಿ ಪರದೆಯ ಮೇಲೆ ಬರುವ ಮೂರು ಸಂಖ್ಯೆಗಳನ್ನು `M301` ಆದೇಶದಲ್ಲಿ ಕೊಟ್ಟು `M500` ಹಾಕಿ ಉಳಿಸಿ.

## ಇಲ್ಲಿಗೆ ನಿಲ್ಲಿಸಿ, ತಿಳಿದವರಿಗೆ ತೋರಿಸಿ

`M107` ಕೊಟ್ಟರೂ ಬ್ಲೋವರ್ ನಿಲ್ಲದಿದ್ದರೆ, ಅಥವಾ `M106 S255` ಕೊಟ್ಟಾಗ ಬೋರ್ಡ್‌ನ ಫ್ಯಾನ್ ಪಿನ್‌ಗಳಲ್ಲಿ ಮಲ್ಟಿಮೀಟರ್ ಸುಮಾರು 24 ವೋಲ್ಟ್ ತೋರಿಸದಿದ್ದರೆ, ಮಾಸ್ಫೆಟ್ ಹೋಗಿರಬಹುದು. ಬೆಸುಗೆ ಕೆಲಸ ಬಲ್ಲವರಿಗೆ ಬೋರ್ಡ್ ಕೊಡಿ. ಕನೆಕ್ಟರ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಬಂದರೆ ತಕ್ಷಣ ಪ್ಲಗ್ ಕೀಳಿ, ಮತ್ತೆ ಹಾಕಿ ನೋಡಬೇಡಿ. `Thermal Runaway` ಎಂಬ ಸಂದೇಶ ಡಕ್ಟ್ ತಿದ್ದಿದ ಮೇಲೂ ಬರುತ್ತಿದ್ದರೆ ಹೀಟರ್ ಅಥವಾ ಥರ್ಮಿಸ್ಟರ್ ಸಡಿಲವಾಗಿರುವ ಸಾಧ್ಯತೆ ಇದೆ. ಆ ರಕ್ಷಣೆಯನ್ನು ಫರ್ಮ್‌ವೇರ್‌ನಲ್ಲಿ ಆರಿಸುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ, ಅದು ಬೆಂಕಿ ಹತ್ತದಂತೆ ತಡೆಯುವ ವ್ಯವಸ್ಥೆ. ಪವರ್ ಸಪ್ಲೈ ಡಬ್ಬಿಯನ್ನು ಬಿಚ್ಚುವ ಅಗತ್ಯ ಈ ಯಾವ ಪರೀಕ್ಷೆಗೂ ಇಲ್ಲ. ಅದರೊಳಗೆ 230 ವೋಲ್ಟ್ ಇದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ.